ಕಾಲೇಜ್ ಮಕ್ಕಳಿಗೆ ಅಂತ ರೆಡಿ ಮಾಡಿದ ಸೈಬರ್ ವಂಚನೆ ಭಾಷಣ, ಎದುರಿಗೆ ಕೂತೋರೆಲ್ಲ ಪಿಂಚಣಿದಾರರು. ಅಲ್ಲೇ ನಿಂತು ಹೇಗೆ ಬದಲಾಯಿಸೋದು?

ಚೈತ್ರಾ_ಕೆ

ನಮಸ್ಕಾರ ಎಲ್ರಿಗೂ. ನಾನು ಬ್ಯಾಂಕಿಂಗ್ ಸಾಫ್ಟ್‌ವೇರ್ ಕಂಪನಿಯಲ್ಲಿ ಸೆಕ್ಯುರಿಟಿ ಕೆಲಸ ಮಾಡೋಳು, ರಜಾ ದಿನ ಯಾರಾದ್ರೂ ಕರೆದ್ರೆ ಆನ್‌ಲೈನ್ ವಂಚನೆ ಬಗ್ಗೆ ಮಾತಾಡೋಕೆ ಹೋಗ್ತೀನಿ. ಇತ್ತೀಚೆಗೆ ಒಂದು ಊರಲ್ಲಿ ಕರೆದಿದ್ರು, ಬಿ.ಕಾಂ. ಮಕ್ಕಳು ಬರ್ತಾರೆ ಅಂದಿದ್ರು, ಅದಕ್ಕೆ ತಕ್ಕ ಹಾಗೆ ಸ್ಲೈಡ್ ಮಾಡ್ಕೊಂಡು ಹೋದೆ. ಯುಪಿಐ ಒಳಗಡೆ ದುಡ್ಡು ಹೇಗೆ ಓಡಾಡುತ್ತೆ, ಯಾವ್ಯಾವ ಥರ ದಾಳಿ ಇದೆ, ಪಾಸ್‌ವರ್ಡ್ ಮ್ಯಾನೇಜರ್, ಮಾಲ್‌ವೇರ್, ಕೊನೇಲಿ ದೂರು ಕೊಡೋದು. ಹೋಗಿ ನೋಡಿದ್ರೆ ಮಕ್ಕಳಿಗೆ ಪರೀಕ್ಷೆ ಅಂತ ಯಾರೂ ಬಂದಿಲ್ಲ, ಖಾಲಿ ಕುರ್ಚಿ ತುಂಬಿಸೋಕೆ ಅಂತ ನಿವೃತ್ತ ನೌಕರರ ಸಂಘದೋರನ್ನ ಕರೆಸಿದಾರೆ, ಹೆಚ್ಚಿನವರು ಎಪ್ಪತ್ತರ ಆಸುಪಾಸು.

ಅಲ್ಲಲ್ಲೇ ಸ್ಲೈಡ್ ಬಿಟ್ಟುಬಿಟ್ಟು ಮಾತಾಡಿ ಮುಗಿಸ್ದೆ, ಎಲ್ರೂ ತಲೆ ಆಡಿಸಿದ್ರು, ಚೆನ್ನಾಗಿತ್ತಮ್ಮ ಅಂದ್ರು, ಆದ್ರೆ ಒಬ್ರೂ ಒಂದು ಪ್ರಶ್ನೆ ಕೇಳ್ಲಿಲ್ಲ. ಅದು ನನಗೆ ಕೊರೀತಾ ಇದೆ, ಯಾಕಂದ್ರೆ ಇಂಥ ಫೋನ್ ಕರೆ ಜಾಸ್ತಿ ಬರೋದೇ ಇವರಿಗೆ.

ಮುಂದಿನ ತಿಂಗಳು ಇನ್ನೊಂದು ಕಡೆ ಇದೆ, ಅಲ್ಲೂ ಯಾರು ಬರ್ತಾರೆ ಅನ್ನೋದು ಗ್ಯಾರಂಟಿ ಇಲ್ಲ. ಮನೇಲಿ ಕೂತು ಹೊಸ ಭಾಷಣ ಬರಿಯೋದು ಗೊತ್ತು. ಸಭೆಗೆ ಕಾಲಿಟ್ಟ ಮೇಲೆ ಗೊತ್ತಾದ್ರೆ, ಇರೋ ಸ್ವಲ್ಪ ಹೊತ್ತಲ್ಲಿ ಏನು ಕತ್ತರಿಸ್ತೀರಾ, ಏನು ಉಳಿಸ್ತೀರಾ? ಮಾಡಿ ಅನುಭವ ಇರೋರು ಹೇಳಿ.

ವಿನಯ್_ಡೆವ್

ಸಿಂಪಲ್ ಮೇಡಂ. ಟೆಕ್ನಿಕಲ್ ಎಲ್ಲ ತೆಗೆದುಹಾಕಿ, ನಿಧಾನಕ್ಕೆ, ಜೋರಾಗಿ ಮಾತಾಡಿ, ನಾಲ್ಕು ಕಥೆ ಹೇಳಿ. ಯಾರು ಯಾರು ಎಷ್ಟೆಷ್ಟು ದುಡ್ಡು ಕಳ್ಕೊಂಡ್ರು ಅನ್ನೋದು ಹೇಳಿದ್ರೆ ಸಾಕು, ಭಯ ಬಂದ್ರೆ ಜನ ತಾವೇ ಹುಷಾರಾಗ್ತಾರೆ. ನಮ್ಮಪ್ಪನಿಗೆ ನಾನು ಹಾಗೇ ಹೇಳಿರೋದು, ಈಗ ಗೊತ್ತಿಲ್ಲದ ನಂಬರ್ ಎತ್ತೋದೇ ಇಲ್ಲ.

ಪ್ರಸನ್ನ_ಎಫ್‌ಎಲ್‌ಸಿ

ನಾನು ಲೀಡ್ ಬ್ಯಾಂಕಿನ ಆರ್ಥಿಕ ಸಾಕ್ಷರತಾ ಕೇಂದ್ರದಲ್ಲಿ ಸಮಾಲೋಚಕ. ಬ್ಯಾಂಕ್ ಸರ್ವಿಸ್ ಮುಗಿದ ಮೇಲೆ ಇದೇ ಕೆಲಸ, ಹಳ್ಳಿ ಪಂಚಾಯ್ತಿ ಕಟ್ಟೆ, ಸ್ವಸಹಾಯ ಸಂಘ, ಪಿಂಚಣಿದಾರರ ಸಭೆ, ಎಲ್ಲಾ ಕಡೆ ಮಾತಾಡ್ತೀನಿ. ನೀವು ಕೇಳಿದ ಪರಿಸ್ಥಿತಿ ನಮಗೆ ವಾರಕ್ಕೊಂದ್ಸಲ ಬರುತ್ತೆ, ಸ್ವಲ್ಪ ಉದ್ದ ಬರೀತೀನಿ.

ಮೊದ್ಲು ಸಮಯ. ನಮ್ಮ ಕಾರ್ಯಕ್ರಮಗಳಲ್ಲಿ ನಿಮಗೆ ಸಮಯ ಇಲ್ಲ ಅಂತೇನಿಲ್ಲ ಚೈತ್ರಾ ಅವ್ರೆ. ಪ್ರಾರ್ಥನೆ, ದೀಪ ಬೆಳಗೋದು, ಸ್ವಾಗತ, ಅತಿಥಿಗಳ ಪರಿಚಯ, ಶಾಲು ಹಾರ, ಇಷ್ಟೂ ಆಗೋಕೆ ಕಡಿಮೆ ಅಂದ್ರೂ ಕಾಲು ಗಂಟೆ. ಆ ಹೊತ್ತಲ್ಲಿ ನೀವು ವೇದಿಕೆ ಮೇಲೆ ಕೂತು ಸಭೆ ನೋಡ್ತಿರ್ತೀರಿ, ಆಹ್ವಾನ ಪತ್ರಿಕೆ ಹಿಂದುಗಡೆ ಖಾಲಿ ಇರುತ್ತೆ, ಪೆನ್ ತೆಗೀರಿ. ಅದರಲ್ಲಿ ಒಂದೇ ಪ್ರಶ್ನೆಗೆ ಉತ್ತರ ಬರೀರಿ: ಇವರು ನಾಳೆ ಬೆಳಿಗ್ಗೆ ಫೋನ್ ಎತ್ತಿದಾಗ ಏನು ಮಾಡಿದ್ರೆ ದುಡ್ಡು ಉಳಿಯುತ್ತೆ? ಆ ಉತ್ತರದಲ್ಲಿ ಇಲ್ಲದ ಸ್ಲೈಡ್ ಎಲ್ಲಾ ಬಿಡಬಹುದು, ಎಷ್ಟೇ ಚೆನ್ನಾಗಿ ಮಾಡಿದ್ರೂ ಸರಿ.

ನಿಮ್ಮ ಪಟ್ಟಿಯಲ್ಲೇ ಮಾಡಿ ತೋರಿಸ್ತೀನಿ. ಯುಪಿಐ ಒಳಗೆ ದುಡ್ಡು ಹೇಗೆ ಓಡಾಡುತ್ತೆ ಅನ್ನೋದು ಪೂರ್ತಿ ಬಿಡಿ, ಆದ್ರೆ ಅದರಿಂದ ಒಂದು ಸಾಲು ಎತ್ಕೊಳ್ಳಿ: ದುಡ್ಡು ಬರೋಕೆ ಪಿನ್ ಬೇಡ, ಹೋಗೋಕೆ ಮಾತ್ರ ಪಿನ್. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ನಿಮಗೆ ದುಡ್ಡು ಬರುತ್ತೆ ಅಂತ ಯಾರಾದ್ರೂ ಹೇಳಿದ್ರೂ ಇದೇ ಸಾಲು ಕಾಯುತ್ತೆ. ದಾಳಿಗಳ ಪಟ್ಟಿ ಬಿಡಿ, ಅದರಿಂದ ಆ ಸಭೆಗೆ ಹೊಂದೋ ಒಂದೇ ಕರೆ ತಗೊಳ್ಳಿ. ಪಿಂಚಣಿದಾರರಾದ್ರೆ ನನ್ನ ಆಯ್ಕೆ ಜೀವನ ಪ್ರಮಾಣಪತ್ರದ ಕರೆ. ನವೆಂಬರ್ ಹತ್ರ ಬಂದ ಹಾಗೆ, ಪಿಂಚಣಿ ಕಚೇರಿಯಿಂದ ಮಾತಾಡ್ತಿದೀವಿ, ಜೀವನ ಪ್ರಮಾಣಪತ್ರ ಅಪ್‌ಡೇಟ್ ಆಗಿಲ್ಲ, ಪಿಂಚಣಿ ನಿಲ್ಲುತ್ತೆ, ಓಟಿಪಿ ಬಂದಿದೆ ಹೇಳಿ ಅಂತ ಫೋನ್ ಮಾಡ್ತಾರೆ. ಎಷ್ಟೋ ಸಲ ಪಿಂಚಣಿ ಆದೇಶದ ಪಿಪಿಓ ನಂಬರು, ನಿವೃತ್ತಿ ದಿನಾಂಕ ಎಲ್ಲಾ ಅವರೇ ಹೇಳ್ತಾರೆ, ಅದಕ್ಕೇ ಜನ ನಂಬೋದು. ಪಿಂಚಣಿ ಕೊಡೋ ಕಚೇರಿ ಫೋನ್ ಮಾಡಿ ಜೀವನ ಪ್ರಮಾಣಪತ್ರ ಅಪ್‌ಡೇಟ್ ಮಾಡೋದಿಲ್ಲ, ನೀವು ಬ್ಯಾಂಕಿಗೆ ಹೋಗ್ಬೇಕು ಇಲ್ಲಾ ಪೋಸ್ಟ್‌ಮ್ಯಾನ್ ಕರೆಸ್ಕೋಬೇಕು ಇಲ್ಲಾ ನಿಮ್ಮ ಫೋನಲ್ಲಿ ನೀವೇ ಮಾಡ್ಬೇಕು. ಇದಿಷ್ಟು ಸಾಕು.

ಪಾಸ್‌ವರ್ಡ್ ಮ್ಯಾನೇಜರ್ ಆ ದಿನ ಬೇಡ. ದೂರು ಕೊಡೋ ಭಾಗ ಕೊನೇಲಿ ಇಟ್ಟಿದೀರಾ, ಅದನ್ನ ಮಧ್ಯಕ್ಕೆ ತನ್ನಿ. ಕೊನೆ ಹೊತ್ತಿಗೆ ಕಾಫಿ ವಾಸನೆ ಬಂದಿರುತ್ತೆ, ಬಸ್ಸಿಗೆ ಹೋಗೋರು ಎದ್ದಿರ್ತಾರೆ, 1930 ಅನ್ನೋ ನಂಬರು ಆಗ ಹೇಳಿದ್ರೆ ಅರ್ಧ ಸಭೆಗೆ ತಲುಪೋದೇ ಇಲ್ಲ.

ವಿನಯ್ ಅವ್ರೆ, ಕಥೆ ಹೇಳಿ ಅಂದಿದ್ದು ಸರಿ. ಭಯ ಹುಟ್ಟಿಸೋದರ ಬಗ್ಗೆ ನನಗೆ ಒಪ್ಪಿಗೆ ಇಲ್ಲ. ಆ ಕಳ್ಳರು ಬಳಸೋ ಆಯುಧವೇ ಭಯ. ಭಯ ಬಿದ್ದಾಗ ಯೋಚಿಸದೆ ಕೆಲಸ ಮಾಡೋ ಅಭ್ಯಾಸವನ್ನೇ ನಾವೂ ಗಟ್ಟಿ ಮಾಡಿದ ಹಾಗಾಗುತ್ತೆ.

ರಘು_ಸೌಂಡ್ಸ್

ಜೋರಾಗಿ ಮಾತಾಡಿ ಅನ್ನೋದಕ್ಕೆ ಒಂದು ಮಾತು ಸೇರಿಸ್ತೀನಿ, ನಾನು ಸಭೆ ಸಮಾರಂಭಕ್ಕೆ ಮೈಕ್ ಸೆಟ್ ಹಾಕೋನು. ವಯಸ್ಸಾದೋರಿಗೆ ಮೊದ್ಲು ಕಮ್ಮಿ ಆಗೋದು ತೆಳು ಶಬ್ದ ಕೇಳೋದು, ಸ, ಶ, ಚ, ತ ಇಂಥವು. ಕೂಗಿದ್ರೆ ಸ್ವರ ಮಾತ್ರ ದೊಡ್ಡದಾಗುತ್ತೆ, ಈ ಅಕ್ಷರಗಳು ಅಷ್ಟೇ ಇರ್ತವೆ, ಸದ್ದು ಜಾಸ್ತಿ ಮಾತು ತಿಳಿಯಲ್ಲ. ಜೋರು ಬೇಡ, ಪದ ಪದ ಬಿಡಿಸಿ ಹೇಳಿ, ವಾಕ್ಯ ಮುಗಿದ ಮೇಲೆ ಒಂದು ಉಸಿರು ನಿಲ್ಲಿ.

ಮೈಕ್ ಬಾಯಿಗೆ ಅಡ್ಡ ಹಿಡೀಬೇಡಿ, ಗದ್ದದ ಕೆಳಗೆ ಹಿಡೀರಿ, ತುಟಿ ಕಾಣಬೇಕು, ಕಿವಿ ಮಂದ ಇರೋರು ಅರ್ಧ ತುಟಿ ನೋಡ್ಕೊಂಡೇ ಅರ್ಥ ಮಾಡ್ಕೊಳ್ಳೋದು. ಪ್ರೊಜೆಕ್ಟರ್ ಅಂತ ಲೈಟ್ ಆರಿಸಿದ್ರೆ ಮುಖ ಕಾಣಲ್ಲ, ಸ್ಲೈಡ್ ಬಿಡ್ತೀರಾ ಅಂದ್ರೆ ಲೈಟ್ ಹಾಕಿಸಿ. ಆಮೇಲೆ ಸ್ಟೇಜ್ ಪಕ್ಕದ ಸ್ಟ್ಯಾಂಡ್ ಫ್ಯಾನ್ ಆಫ್ ಮಾಡ್ಸಿ, ಅದರ ಗಾಳಿ ಸೀದಾ ಮೈಕಿಗೆ ಹೋಗುತ್ತೆ. ನನಗೆ ಮೈಕ್ ಬೇಡ ನನ್ನ ಗಂಟಲೇ ಸಾಕು ಅಂತ ಮಾತ್ರ ಯಾವತ್ತೂ ಅನ್ನಬೇಡಿ, ಕೇಳ್ತಿದ್ಯಾ ಅಂದ್ರೆ ಕೇಳದೋರು ಕೈ ಎತ್ತಲ್ಲ, ಅವರಿಗೆ ಪ್ರಶ್ನೆಯೇ ಕೇಳಿರಲ್ಲ.

ಶಾರದಾ_ಹುಬ್ಬಳ್ಳಿ

ನಮಸ್ಕಾರ್ರೀ. ನಮ್ಮ ಅತ್ತಿಯವರಿಗೆ ನಿನ್ನೆ ವಾಟ್ಸಾಪ್‌ನ್ಯಾಗ ಮದುವಿ ಕಾರ್ಡ್ ಅಂತ ಒಂದ್ ಫೈಲ್ ಬಂದಿತ್ತರಿ, ಒತ್ತ್ಯಾರ, ಏನೋ ಇನ್‌ಸ್ಟಾಲ್ ಆಗೇತಿ, ಇವತ್ತ ಮುಂಜಾನೆ ಅಕೌಂಟ್‌ನಿಂದ ರೊಕ್ಕ ಹೋಗಿದ್ದು ಮೆಸೇಜ್ ಬಂತು. ಅವ್ರು ಯಾರಿಗೂ ಹೇಳ್ದ ಸುಮ್ನ ಕುಂತಾರ, ನಾನ ಫೋನ್ ನೋಡಿದಾಗ ಗೊತ್ತಾತು. ಈಗ ಏನ್ ಮಾಡ್ಬೇಕ್ರಿ? ಇಲ್ಲಿ ಕೇಳಬಹುದೋ ಇಲ್ಲೋ ಗೊತ್ತಿಲ್ಲ, ಸೈಬರ್ ಅಂತ ನೋಡಿ ಬಂದೆ.

ಪ್ರಸನ್ನ_ಎಫ್‌ಎಲ್‌ಸಿ

ಶಾರದಾ ಅವ್ರೆ, ಇದನ್ನ ಓದಿದ ತಕ್ಷಣ 1930ಕ್ಕೆ ಫೋನ್ ಮಾಡಿ, ಬ್ಯಾಂಕಿನ ಮೆಸೇಜ್ ಎದುರಿಗೆ ಇಟ್ಕೊಳ್ಳಿ, ಅದರಲ್ಲಿರೋ ವಹಿವಾಟು ನಂಬರು, ಮೊತ್ತ, ಸಮಯ ಕೇಳ್ತಾರೆ. ಲೈನ್ ಸಿಗದಿದ್ರೆ cybercrime.gov.in ನಲ್ಲಿ ದೂರು ಹಾಕಿ, ಜೊತೆಗೆ ಬ್ಯಾಂಕಿನ ಗ್ರಾಹಕ ಸೇವೆಗೆ ಬೇರೆ ಫೋನಿಂದ ಕರೆ ಮಾಡಿ ಖಾತೆ, ಕಾರ್ಡ್, ಯುಪಿಐ ಎಲ್ಲಾ ತಡೆಹಿಡಿಸಿ. ಅತ್ತೆಯವರ ಫೋನನ್ನ ಫ್ಲೈಟ್ ಮೋಡ್‌ಗೆ ಹಾಕಿ ವೈಫೈನೂ ಆರಿಸಿ, ಆ ಫೈಲು ಅವರಿಗೆ ಬರೋ ಓಟಿಪಿ ಮೆಸೇಜನ್ನ ಕಳ್ಳರಿಗೆ ಕಳಿಸ್ತಿರಬಹುದು. ದುಡ್ಡು ಇನ್ನೂ ಮೊದಲನೇ ಖಾತೆಯಲ್ಲೇ ಇದ್ರೆ ತಡೆಯಬಹುದು, ಅಲ್ಲಿಂದ ನಾಲ್ಕು ಕಡೆ ಹಂಚಿಹೋದ್ಮೇಲೆ ಕಷ್ಟ, ಅದಕ್ಕೇ ಅವಸರ. ಅತ್ತೆಯವರನ್ನ ಬೈಬೇಡಿ, ದಯವಿಟ್ಟು.

ಶಾರದಾ_ಹುಬ್ಬಳ್ಳಿ

ಮಾಡಿದೆರಿ, ದೂರಿನ ನಂಬರ್ ಕೊಟ್ಟಾರ. ಬ್ಯಾಂಕಿನವರು ಅಕೌಂಟ್ ಬಂದ್ ಮಾಡ್ಯಾರ. ರೊಕ್ಕ ಬರ್ತೈತೋ ಇಲ್ಲೋ ಆಮ್ಯಾಲೆ ಹೇಳ್ತೇನಿ ಅಂದ್ರು. ಭಾಳ ಉಪಕಾರ ಆತ್ರಿ.

ಚೈತ್ರಾ_ಕೆ

ಶಾರದಾ ಅವ್ರೆ, ದುಡ್ಡು ವಾಪಸ್ ಬರ್ಲಿ. ಸುಮ್ನೆ ಕುಂತಿದ್ರು ಅಂದ್ರಲ್ಲ, ಅದು ನನ್ನ ಸಭೆಗೂ ಉತ್ತರ ಕೊಟ್ಟಂಗಾಯ್ತು. ಪ್ರಶ್ನೆ ಕೇಳದೆ ಇದ್ದೋರಲ್ಲಿ ಹಿಂಗೆ ಯಾರಾದ್ರೂ ಇದ್ದಿರಬಹುದು.

ಪ್ರಸನ್ನ ಸರ್, ಕತ್ತರಿಸೋದು ಅರ್ಥ ಆಯ್ತು. ಆದ್ರೆ ಸಭೆಗೆ ನಿಜವಾಗ್ಲೂ ಎಷ್ಟು ಗೊತ್ತು ಅಂತ ಹೇಗೆ ತಿಳ್ಕೊಳ್ತೀರಾ? ಬಿಳಿಕೂದಲು ನೋಡಿ ಅಳೆಯೋದು ಸರಿ ಅನ್ಸಲ್ಲ.

ಸೀತಾರಾಮ_ನಿವೃತ್ತ

ಅದನ್ನೇ ಹೇಳಬೇಕು ಅಂತ ಬಂದೆ. ನಾನು ದೂರವಾಣಿ ಇಲಾಖೆಯಲ್ಲಿ ಇಂಜಿನಿಯರ್ ಆಗಿ ನಿವೃತ್ತಿ ಆದವನು, ಈಗ 74 ವರ್ಷ. ಇಂಥ ಸಭೆಗಳಲ್ಲಿ ಮುಂದಿನ ಸಾಲಲ್ಲಿ ಕೂರೋನು ನಾನು. ಭಾಷಣಕಾರರು ನಮ್ಮನ್ನ ನೋಡಿದ ಕೂಡ್ಲೇ ದನಿ ಬದಲಾಯಿಸ್ತಾರೆ, ಒಂದನೇ ಕ್ಲಾಸಿನ ಮಕ್ಕಳಿಗೆ ಹೇಳೋ ಥರ, ಮೊಬೈಲ್ ಅಂದ್ರೆ ಏನು ಅಂತ ಶುರು ಮಾಡ್ತಾರೆ. ಎಕ್ಸ್‌ಚೇಂಜ್ ನಡೆಸಿದವನಿಗೆ ಮೊಬೈಲ್ ಅಂದ್ರೆ ಏನು ಅಂತ ಹೇಳ್ತಾರೆ! ಅವತ್ತು ನಾನು ಆಮೇಲಿನ ಮಾತು ಕೇಳಲ್ಲ, ಪಕ್ಕದೋರೂ ಕೇಳಲ್ಲ. ವಯಸ್ಸು ಬೇರೆ, ಯಂತ್ರ ಗೊತ್ತಿಲ್ಲದೆ ಇರೋದು ಬೇರೆ. ನನ್ನ ಪಕ್ಕ ಕೂತ ನಿವೃತ್ತ ಖಜಾನೆ ನೌಕರರಿಗೆ ಲೆಕ್ಕದ ವಂಚನೆ ನಿಮಗಿಂತ ಚೆನ್ನಾಗಿ ಗೊತ್ತು, ಫೋನಿನ ಪರದೆ ಮಾತ್ರ ಹೊಸದು. ಅವರಿಗೆ ಗೊತ್ತಿರೋ ಕಡೆಯಿಂದ ಶುರು ಮಾಡಿ, ಖಾಲಿ ಚೆಕ್ಕಿಗೆ ಸಹಿ ಹಾಕಿ ಅಪರಿಚಿತರಿಗೆ ಕೊಡ್ತೀರಾ ಅಂತ ಕೇಳಿ, ಓಟಿಪಿ ಹೇಳೋದೂ ಅಷ್ಟೇ ಅನ್ನಿ, ಒಂದೇ ಸಲಕ್ಕೆ ಹತ್ತುತ್ತೆ.

ಪ್ರಸನ್ನ_ಎಫ್‌ಎಲ್‌ಸಿ

ಸೀತಾರಾಮ ಸರ್ ಹೇಳಿದ್ದು ಪೂರ್ತಿ ಒಪ್ಪಿದೆ. ಚೈತ್ರಾ ಅವ್ರೆ, ಅಳೆಯೋಕೆ ನಾನು ಮೂರು ಸಲ ಕೈ ಎತ್ತಿಸ್ತೀನಿ. ಬ್ಯಾಂಕಿನ ಮೆಸೇಜ್ ಫೋನಲ್ಲಿ ಯಾರು ತಾವೇ ಓದ್ತೀರಾ? ಅಂಗಡಿಯಲ್ಲಿ ಫೋನಿಂದ ದುಡ್ಡು ಯಾರು ಕೊಟ್ಟಿದೀರಾ? ಇತ್ತೀಚೆಗೆ ವಿಚಿತ್ರ ಫೋನ್ ಕರೆ ಯಾರಿಗೆ ಬಂದಿದೆ? ಮೂರನೇದಕ್ಕೆ ಹೆಚ್ಚು ಕಡಿಮೆ ಎಲ್ರ ಕೈಯೂ ಮೇಲೆ ಬರುತ್ತೆ, ಅಲ್ಲಿಂದ ಸಭೆ ನಿಮ್ಮದು. ಯಾರು ದುಡ್ಡು ಕಳ್ಕೊಂಡಿದೀರಾ ಅಂತ ಮಾತ್ರ ಕೇಳಬಾರದು. ಕಳ್ಕೊಂಡೋರು ಮಕ್ಕಳಿಗೇ ಹೇಳಿರಲ್ಲ, ಮಕ್ಕಳು ಫೋನ್ ಕಿತ್ಕೊಂಡುಬಿಟ್ರೆ ಅನ್ನೋ ಹೆದರಿಕೆ ಇರುತ್ತೆ, ನೆರೆಹೊರೆಯೋರ ಎದುರು ಕೈ ಎತ್ತಲ್ಲ.

ಎರಡನೇ ಪ್ರಶ್ನೆಗೆ ಸುಮಾರು ಅರ್ಧ ಕೈ ಬಂದ್ರೆ ಪಿನ್ನಿನ ಮಾತು ಬಿಡಿಸಿ ಹೇಳ್ತೀನಿ. ನಾಲ್ಕೈದೇ ಕೈ ಬಂದ್ರೆ ಯುಪಿಐ ಅರ್ಧ ನಿಮಿಷದಲ್ಲಿ ಮುಗಿಸಿ ಫೋನ್ ಕರೆ ಕಡೆ ಹೋಗ್ತೀನಿ, ಯಾಕಂದ್ರೆ ಬಟನ್ ಫೋನಿಗೂ ಕಳ್ಳರ ಕರೆ ಬರುತ್ತೆ.

ಆಮೇಲೆ ನಾಟಕ. ನಾನು ಕಳ್ಳ, ಸಭೆಯಿಂದ ಒಬ್ರು ಪಿಂಚಣಿದಾರರು. "ನಮಸ್ಕಾರ ಸಾರ್, ಪಿಂಚಣಿ ಕಚೇರಿಯಿಂದ, ಇವತ್ತು ಸಂಜೆ ಐದಕ್ಕೆ ಕೊನೆ, ಇಲ್ಲಾಂದ್ರೆ ಈ ತಿಂಗಳು ಪಿಂಚಣಿ ಬರಲ್ಲ" ಅಂತ ಶುರು ಮಾಡಿ ನಡುನಡುವೆ ನಿಲ್ಲಿಸಿ ಸಭೆಗೆ ಕೇಳ್ತೀನಿ, ಈಗ ಇವರು ಏನ್ ಮಾಡ್ಬೇಕು ಅಂತ. ಅಲ್ಲೇ ಗಲಾಟೆ ಶುರುವಾಗುತ್ತೆ, ಒಬ್ರು ಫೋನ್ ಇಡಿ ಅಂತಾರೆ, ಇನ್ನೊಬ್ರು ಅವನ ಹೆಸರು ಕೇಳಿ ಅಂತಾರೆ, ಮತ್ತೊಬ್ರು ಬ್ಯಾಂಕಿಗೆ ಬರ್ತೀನಿ ಅನ್ನಿ ಅಂತಾರೆ. ಆ ಸಂಜೆ ಐದು ಗಂಟೆ ಅನ್ನೋ ಗಡುವೇ ಕಳ್ಳನ ಗುರುತು ಅಂತ ಅವರೇ ಕಂಡುಹಿಡಿಯೋ ತನಕ ನಾನು ಹೇಳಲ್ಲ. ಇದಕ್ಕೆ ಹತ್ತು ನಿಮಿಷ ಹೋಗುತ್ತೆ, ಹೋಗ್ಲಿ.

ತಲೆ ಆಡಿಸಿದ್ರು ಅಂದ್ರಲ್ಲ, ನಮ್ಮಲ್ಲಿ ತಲೆ ಆಡಿಸೋದು ಮರ್ಯಾದೆ, ಅರ್ಥ ಆಗಿದೆ ಅಂತ ಅಲ್ಲ. ಅರ್ಥ ಆಗಿದ್ಯಾ ಅಂತ ಕೇಳಿದ್ರೆ ಹೂಂ ಅಂತಾರೆ. ನಾನು ಯಾರಾದ್ರೂ ಒಬ್ರನ್ನ ಕೇಳ್ತೀನಿ, ಅಮ್ಮಾ, ಮನೆಗೆ ಹೋದ ಮೇಲೆ ಇವತ್ತು ಏನ್ ಹೇಳಿದ್ರು ಅಂತ ಯಜಮಾನ್ರು ಕೇಳಿದ್ರೆ ಏನ್ ಹೇಳ್ತೀರಾ? ಅವರು ಹೇಳೋದರಲ್ಲಿ ಪಿನ್ನಿನ ಮಾತು ತಲೆಕೆಳಗಾಗಿ ಬಂದ್ರೆ, ನಾನು ಹೇಳಿದ್ದು ಸರಿ ಹೋಗಿಲ್ಲ ಅಂತ, ಇನ್ನೊಂದು ಸಲ ಬೇರೆ ಥರ ಹೇಳ್ತೀನಿ. ಸ್ಲೈಡ್‌ನ ಫೋಟೋ ಹೊಡ್ಕೊಳ್ಳೋಕೆ ಶುರು ಮಾಡಿದ್ರು ಅಂದ್ರೆ ಅದೂ ಒಂದು ಸೂಚನೆ, ಅದರಲ್ಲಿ ಜಾಸ್ತಿ ತುಂಬಿದೆ, ಮನೇಲಿ ಮಗನ ಹತ್ರ ಓದಿಸ್ಕೊಳ್ಳೋಣ ಅಂತ ಕೈಬಿಟ್ಟಿದಾರೆ.

ಅನಿತಾ_ಪಿಪಿಟಿ

ಸ್ಲೈಡ್ ಬಿಡೋ ಸಣ್ಣ ಉಪಾಯ ಹೇಳ್ತೀನಿ, ಸಭೆ ಎದುರು ಟಕಟಕ ಅಂತ ಹತ್ತು ಸ್ಲೈಡ್ ಓಡಿಸ್ಬೇಡಿ, ಇವರಿಗೆ ಬೇಡ ಅಂತ ಬಿಟ್ರು ಅಂತ ಎಲ್ರಿಗೂ ಗೊತ್ತಾಗುತ್ತೆ. ಪವರ್‌ಪಾಯಿಂಟ್ ಶೋ ನಡೀತಿರುವಾಗ ಸ್ಲೈಡಿನ ನಂಬರ್ ಒತ್ತಿ `Enter` ಒತ್ತಿದ್ರೆ ಸೀದಾ ಆ ಸ್ಲೈಡಿಗೆ ಹೋಗುತ್ತೆ. `B` ಒತ್ತಿದ್ರೆ ಪರದೆ ಕಪ್ಪಾಗುತ್ತೆ, ಇನ್ನೊಂದ್ಸಲ ಒತ್ತಿದ್ರೆ ವಾಪಸ್. ನನ್ನ ಸ್ಲೈಡ್ ನಂಬರುಗಳನ್ನ ಒಂದು ಚೀಟಿ ಮೇಲೆ ಬರ್ಕೊಂಡಿರ್ತೀನಿ ಯಾವಾಗ್ಲೂ. ಕೊನೇಲಿ ಒಂದು ಖಾಲಿ ಸ್ಲೈಡ್ ಇಟ್ಟಿರಿ, ಅದರಲ್ಲಿ 1930 ಅಂತ ಪರದೆ ತುಂಬ ಅಷ್ಟು ದೊಡ್ಡಕ್ಕೆ. ಮಾತು ಮುಗಿಯೋವರೆಗೂ ಅದೇ ಇರ್ಲಿ.

ಯುಪಿಐ ಕಲೆಕ್ಟ್ ರಿಕ್ವೆಸ್ಟ್ ಬಗ್ಗೆನೂ ಒಂದು ಸ್ಲೈಡ್ ಇಟ್ಕೊಳ್ಳಿ, ಅದರಲ್ಲೇ ಜಾಸ್ತಿ ಮೋಸ ಹೋಗೋದು.

ಪ್ರಸನ್ನ_ಎಫ್‌ಎಲ್‌ಸಿ

ಉಪಾಯ ಚೆನ್ನಾಗಿದೆ ಅನಿತಾ ಅವ್ರೆ. ಕಲೆಕ್ಟ್ ಸ್ಲೈಡ್ ಮಾತ್ರ ಹಳೇದಾಯ್ತು, ವ್ಯಕ್ತಿಯಿಂದ ವ್ಯಕ್ತಿಗೆ ದುಡ್ಡು ಕೇಳೋ ಆ ಸೌಲಭ್ಯವನ್ನ ಯುಪಿಐ ನಡೆಸೋ ಎನ್‌ಪಿಸಿಐ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದೆ. ಈಗ ಆ ಜಾಗಕ್ಕೆ ಶಾರದಾ ಅವರ ಅತ್ತೆಗೆ ಬಂದಂಥ ಮದುವೆ ಕಾರ್ಡಿನ ಫೈಲೇ ಹಾಕಿ. ಹೆಸರಿನ ಕೊನೇಲಿ .apk ಅಂತ ಇದ್ರೆ ಮುಟ್ಟಬೇಡಿ, ಕಾರ್ಡ್ ಅಂದ್ಮೇಲೆ ಫೋಟೋ ಇಲ್ಲಾ ಪಿಡಿಎಫ್ ಆಗಿರುತ್ತೆ.

ವಿನಯ್_ಡೆವ್

ಜೋರಾಗಿ ಮಾತಾಡೋ ವಿಷಯ ಒಪ್ಪಿದೆ ರಘು ಅವ್ರೆ, ಗೊತ್ತಿರ್ಲಿಲ್ಲ. ಭಯದ ವಿಷಯ ಇನ್ನೂ ಒಪ್ಪಲ್ಲ. ಡಿಜಿಟಲ್ ಅರೆಸ್ಟ್ ತಗೊಳ್ಳಿ, ಪೊಲೀಸ್ ಯೂನಿಫಾರ್ಮ್ ಹಾಕ್ಕೊಂಡು ವಿಡಿಯೋ ಕಾಲಲ್ಲಿ ದಿನಗಟ್ಟಲೆ ಕೂರಿಸ್ತಾರೆ, ಅದರ ಕಥೆ ಪೂರ್ತಿ ಹೇಳದೆ ಜನಕ್ಕೆ ತೀವ್ರತೆ ಹೇಗೆ ಗೊತ್ತಾಗುತ್ತೆ? ಪ್ರಧಾನಿನೇ 2024ರ ಅಕ್ಟೋಬರ್‌ನಲ್ಲಿ ರೇಡಿಯೋದಲ್ಲಿ ಅಂಥ ಕರೆ ಕೇಳಿಸಿದ್ರಲ್ಲ.

ಸೀತಾರಾಮ_ನಿವೃತ್ತ

ಕೇಳಿಸಿದ್ರು, ಜೊತೆಗೆ ಏನ್ ಮಾಡ್ಬೇಕು ಅಂತಾನೂ ಹೇಳಿದ್ರು. ಕಾನೂನಲ್ಲಿ ಡಿಜಿಟಲ್ ಅರೆಸ್ಟ್ ಅನ್ನೋದೇ ಇಲ್ಲ, ವಿಡಿಯೋ ಕಾಲಲ್ಲಿ ಯಾರನ್ನೂ ಬಂಧಿಸೋಕೆ ಬರಲ್ಲ. ನಮ್ಮ ವಯಸ್ಸಿನೋರಿಗೆ ಈ ಒಂದು ಮಾತು ಮೊದ್ಲು ಬೇಕು, ಕಥೆ ಆಮೇಲೆ. ನಾವು ಸರ್ಕಾರಿ ನೌಕರಿ ಮಾಡಿದೋರು, ಮೇಲಿನೋರು ಕರೆದ್ರೆ ಎದ್ದು ನಿಲ್ಲೋ ಅಭ್ಯಾಸ ಮೈಗೆ ಹತ್ತಿದೆ. ಫೋನ್ ಇಟ್ಟುಬಿಡೋಕೆ ನಮಗೆ ಯಾರಾದ್ರೂ ಅನುಮತಿ ಕೊಡಬೇಕು ನೋಡಿ.

ಚೈತ್ರಾ_ಕೆ

ಕೊನೇ ಮಾತು ಬರ್ಕೊಂಡೆ ಸರ್. ಫೋನ್ ಇಡೋದನ್ನೂ ನಾಟಕದಲ್ಲಿ ಮಾಡಿಸ್ತೀನಿ, "ಮಗಳ ಹತ್ರ ಕೇಳಿ ಹೇಳ್ತೀನಿ" ಅಂತ ಎಲ್ರೂ ಒಟ್ಟಿಗೆ ಜೋರಾಗಿ ಹೇಳಿ ಫೋನ್ ಇಡೋದು.

ಸದ್ಯಕ್ಕೆ ಹೀಗೆ ಅಂದ್ಕೊಂಡಿದೀನಿ: ಸಭೆ ಹಿರಿಯರದ್ದಾದ್ರೆ ಮುಕ್ಕಾಲು ಗಂಟೆಯ ಮಾತನ್ನ 25 ನಿಮಿಷ ಮಾಡೋದು. ಕೈ ಎತ್ತಿಸೋದು, ಪಿಂಚಣಿ ಕರೆಯ ನಾಟಕ, ಮಧ್ಯದಲ್ಲೇ 1930, ಪಿನ್ನಿನ ಒಂದು ಸಾಲು, ಒಬ್ರ ಬಾಯಲ್ಲಿ ವಾಪಸ್ ಹೇಳಿಸೋದು, ಅಷ್ಟೇ. ಉಳಿದ ಇಪ್ಪತ್ತು ನಿಮಿಷ ಕೆಳಗೆ ಇಳಿದು ಒಬ್ಬೊಬ್ರ ಹತ್ರ ಮಾತಾಡೋದು, ಯಾಕಂದ್ರೆ ನಿಜವಾದ ಪ್ರಶ್ನೆ ಮೈಕಲ್ಲಿ ಬರಲ್ಲ ಅಂತ ಈಗ ಗೊತ್ತಾಯ್ತು. ಆಗ ಅವರ ಫೋನ್ ತಗೊಂಡು 1930 ಸೇವ್ ಮಾಡಿಕೊಟ್ಟು, ಬೇಡದ ಆ್ಯಪ್ ಇದ್ರೆ ತೆಗೆದುಕೊಡೋಣ ಅಂತ ಇದೀನಿ.

ಪ್ರಸನ್ನ_ಎಫ್‌ಎಲ್‌ಸಿ

ಕೊನೇದು ಬಿಟ್ಟು ಎಲ್ಲಾ ಸರಿ. ಅವರ ಫೋನ್ ಕೈಗೆ ತಗೋಬೇಡಿ. ಅಪರಿಚಿತರಿಗೆ ಫೋನ್ ಕೊಡಬೇಡಿ ಅಂತ ಅರ್ಧ ಗಂಟೆ ಹೇಳಿ, ಅವರು ಮೊದಲು ಫೋನ್ ಕೊಡೋ ಅಪರಿಚಿತರು ನೀವೇ ಆಗ್ತೀರಿ. ನೀವು ಹೇಳಿ, ಅವರ ಬೆರಳೇ ಒತ್ತಲಿ.

ಅನಿತಾ_ಪಿಪಿಟಿ

ಪ್ರಸನ್ನ ಸರ್, ತತ್ವ ಸರಿ, ಆದ್ರೆ ನಾನು ನಮ್ಮ ಅಪಾರ್ಟ್‌ಮೆಂಟಲ್ಲಿ ಹಾಗೆ ಪ್ರಯತ್ನ ಪಟ್ಟಿದೀನಿ, ಒಬ್ಬೊಬ್ರಿಗೆ ಕಾಲು ಗಂಟೆ ಹಿಡಿಯುತ್ತೆ, ನಾಲ್ಕು ಜನ ಮುಗಿಯೋಷ್ಟರಲ್ಲಿ ಉಳಿದೋರು ಮನೆಗೆ ಹೋಗಿರ್ತಾರೆ. ಎಲ್ರ ಎದುರಿಗೆ, ಅವರು ನೋಡ್ತಿರುವಾಗ ನಂಬರ್ ಸೇವ್ ಮಾಡಿಕೊಟ್ರೆ ಏನ್ ತಪ್ಪು?

ರಘು_ಸೌಂಡ್ಸ್

ಊರಿನ ಹೈಸ್ಕೂಲ್ ಮಕ್ಕಳನ್ನ ಕರೆಸಿ, ಒಂದು ಸಾಲಿಗೆ ಒಬ್ರು, ಅವರು ಪಕ್ಕ ನಿಂತು ಹೇಳಿಕೊಡ್ಲಿ. ನಾನು ಸೆಟ್ ಹಾಕಿದ ಒಂದು ಕಡೆ ಹಂಗೆ ಮಾಡಿದ್ರು, ಬೇಗ ಮುಗೀತು.

ಪ್ರಸನ್ನ_ಎಫ್‌ಎಲ್‌ಸಿ

ಮಕ್ಕಳು ಸಿಕ್ಕಿದ್ರೆ ಒಳ್ಳೇದು, ಆದ್ರೆ ಅವರು ಹೇಳಿಕೊಡಲ್ಲ, ಫೋನ್ ಕಿತ್ಕೊಂಡು ತಾವೇ ಮಾಡ್ತಾರೆ, ನೋಡಿದೀನಿ. ಅವರಿಗೆ ಕೈ ಹಿಂದೆ ಕಟ್ಕೊಂಡು ನಿಲ್ಲಿ ಅಂತ ಮೊದ್ಲೇ ಹೇಳ್ಬೇಕು. ಅನಿತಾ ಅವ್ರೆ, ನಿಮ್ಮ ಸಮಯದ ಲೆಕ್ಕಕ್ಕೆ ನನ್ನ ಹತ್ರ ಪೂರ್ತಿ ಉತ್ತರ ಇಲ್ಲ. ನಾನು ಫೋನ್ ಬಿಟ್ಟು 1930 ದಪ್ಪಕ್ಷರದಲ್ಲಿ ಬರೆದ ಚೀಟಿ ಕೊಡ್ತೀನಿ, ಪಾಸ್‌ಬುಕ್ ಒಳಗೆ ಇಟ್ಕೊಳ್ಳಿ ಅಂತ.

ಶಾರದಾ_ಹುಬ್ಬಳ್ಳಿ

ಚೀಟಿ ನಮಗೂ ಒಂದ್ ಕಳಸ್ರಿ ಸರ್, ಇಲ್ಲೇ ಫೋಟೋ ಹಾಕ್ರಿ. ನಮ್ಮ ಅತ್ತಿಯವರ ಭಜನಾ ಮಂಡಳದಾಗ ಎಲ್ಲಾರೂ ಅದ ವಯಸ್ಸಿನವರ ಅದಾರ, ಇವತ್ತ ಸಂಜಿ ಅತ್ತಿಯವರ ಕೈಲೆನ ಹಂಚಸ್ತೇನಿ.